ಎದುರುಬದುರು ಕೂರಿಸುವ ಮೊದಲು

ಇಬ್ಬರು ಮಕ್ಕಳು ಜಗಳ ಆಡಿದರೆ ಕರೆದು ಒಟ್ಟಿಗೆ ಮಾತಾಡಿಸಬಹುದು. ಒಬ್ಬನನ್ನೇ ಹಿಡಿದು ದಿನಾ ಕಾಡುವುದು ಜಗಳವಲ್ಲ, ಅಲ್ಲಿ ಬಲವೆಲ್ಲ ಒಂದೇ ಕಡೆ ಇರುತ್ತದೆ. ನೇರವಾಗಿ ಎದುರು ಕೂರಿಸಿದರೆ ಕಾಡಿಸಿಕೊಂಡವನು ಇನ್ನೊಂದು ಸಲ ನೋಯುತ್ತಾನೆ. ಕಾಡಿದವರನ್ನೂ ನೊಂದವನನ್ನೂ ಮೊದಲು ಬೇರೆಬೇರೆಯಾಗಿ ತಯಾರು ಮಾಡಿ, ಆಮೇಲೆ ಎದುರು ಕೂರಿಸಿ ಆದ ನೋವನ್ನು ಸರಿಪಡಿಸುವ ಮಾತುಕತೆಯ ಪದ್ಧತಿಯೊಂದಿದೆ, ರೆಸ್ಟೊರೇಟಿವ್ ಕಾನ್ಫರೆನ್ಸ್ ಅಂತ. ಅದು 1994ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಶಾಲೆಯೊಂದಕ್ಕೆ ಬಂತು. ಅದರಲ್ಲಿ ಜಾಸ್ತಿ ಕೆಲಸ ನಡೆಯುವುದು ಭೇಟಿಗೆ ಮೊದಲೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕಲಬುರಗಿಯಿಂದ ಬೆಂಗಳೂರಿಗೆ ಬಂದ ಎಂಟನೇ ಕ್ಲಾಸಿನ ಹುಡುಗ. ಅವನು ಬಾಯಿ ಬಿಟ್ಟರೆ ಸಾಕು, ಮೂವರು ಹುಡುಗರು ಅವನ ಹಾಗೇ ಎಳೆದು ಮಾತಾಡಿ ನಗುತ್ತಾರೆ. ಶಾಲೆಯ ವ್ಯಾನ್‌ನಲ್ಲೂ ಅದೇ. ಈಗ ಅವನು ಪಾಠ ಓದು ಅಂದರೆ ಎದ್ದು ನಿಂತು ಸುಮ್ನೆ ಪುಸ್ತಕ ನೋಡುತ್ತಾನೆ.

ಮೊದಲು ಅವನೊಬ್ಬನ ಜೊತೆ ಮಾತು. ಏನಾಯ್ತು, ಆಗ ಏನನ್ನಿಸ್ತು, ಎಲ್ಲಕ್ಕಿಂತ ಕಷ್ಟವಾಗಿದ್ದು ಯಾವುದು, ಏನು ಬದಲಾಗಬೇಕು? ಅವರನ್ನು ನೋಡಲು ಇಷ್ಟವಿದೆಯಾ ಅಂತ ಕೇಳಬೇಕು, ಬೇಡ ಅಂದರೆ ಭೇಟಿ ಇಲ್ಲ. ಜೊತೆಗೆ ಯಾರಿರಬೇಕು, ಎಲ್ಲಿ ಕೂರಬೇಕು ಅನ್ನುವುದನ್ನೂ ಅವನೇ ಹೇಳಲಿ.

ಆಮೇಲೆ ಆ ಮೂವರು, ಒಬ್ಬೊಬ್ಬರಾಗಿ. ಒಟ್ಟಿಗೆ ಕರೆದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ತಮಾಷೆಗೆ ಮಿಸ್’ ಅನ್ನುತ್ತಾರೆ. ‘ಯಾಕೆ ಮಾಡಿದೆ?’ ಅಂತ ಕೇಳಬಾರದು, ಅದಕ್ಕೆ ನೆಪವೇ ಉತ್ತರವಾಗಿ ಬರುತ್ತದೆ. ‘ಆಗ ಏನು ಯೋಚನೆ ಮಾಡ್ತಿದ್ದೆ? ಯಾರಿಗೆ ಏನಾಗಿದೆ?’ ಅನ್ನಬೇಕು. ಮಾಡಿದ್ದನ್ನು ಒಪ್ಪದವನನ್ನು ಎದುರು ಕೂರಿಸಲೇಬಾರದು. ಅವನ ವಿಷಯ ಶಾಲೆಯ ಮಾಮೂಲಿ ಶಿಸ್ತಿನ ದಾರಿಯಲ್ಲಿ ಹೋಗಲಿ. ಲೈಂಗಿಕ ಕಿರುಕುಳವಾದರೆ ಈ ಮಾತುಕತೆಯ ಪ್ರಶ್ನೆಯೇ ಇಲ್ಲ. ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಭೇಟಿಯ ದಿನ ಮೂವರೂ ಒಪ್ಪಿದ್ದಾರೆ ಅಂದುಕೊಳ್ಳಿ. ಮಾಡಿದವರು ಮೊದಲು ಏನು ಮಾಡಿದೆವು ಅಂತ ಹೇಳುತ್ತಾರೆ, ಆ ಹೊರೆ ನೊಂದವನ ಮೇಲೆ ಬೀಳಬಾರದು. ಆಮೇಲೆ ಅವನು: ‘ಮನ್ಯಾಗ ಅವ್ವನ ಜೋಡಿ ಮಾತಾಡಾಕೂ ಈಗ ನಾಚಿಕಿ ಬರ್ತದ ರೀ.’ ಇಲ್ಲಿ ಟೀಚರ್ ಸುಮ್ಮನಿರಬೇಕು. ಆ ಮೌನ ತಡೆಯಲಾಗದೆ ‘ಸಾರಿ ಕೇಳ್ರೋ’ ಅಂದುಬಿಡುವುದೇ ನಾವು ಮಾಡುವ ದೊಡ್ಡ ತಪ್ಪು. ಹೇಳಿಸಿದ ಸಾರಿಗೆ ‘ಪರವಾಗಿಲ್ಲ’ ಅಂತ ತಟ್ಟನೆ ಉತ್ತರ ಬರುತ್ತದೆ, ಕಣ್ಣು ಮಾತ್ರ ನೆಲದ ಮೇಲೇ ಇರುತ್ತದೆ. ಹಾಗಾದರೆ ಭೇಟಿ ನಿಲ್ಲಿಸಿ ಅವನನ್ನು ಒಬ್ಬನೇ ಕರೆದು ಮಾತಾಡಿ.

ಕೊನೆಗೆ ಒಪ್ಪಂದ. ‘ಇನ್ಮೇಲೆ ಒಳ್ಳೆಯವರಾಗಿರ್ತೀವಿ’ ಅಂತ ಬರೆದರೆ ಅದನ್ನು ಅಳೆಯಲು ಆಗಲ್ಲ, ಅಲ್ವಾ? ‘ಅವನ ಮಾತನ್ನು ಅಣಕಿಸಲ್ಲ, ವ್ಯಾನ್‌ನಲ್ಲಿ ಬೇರೆಯವರು ಅಣಕಿಸಿದರೆ ನಗಲ್ಲ’ ಅಂತ ಬರೆಯಬೇಕು. ಒಂದು ವಾರಕ್ಕೆ, ಮತ್ತೆ ತಿಂಗಳಿಗೆ ಅವನನ್ನು ಒಬ್ಬನೇ ಕೇಳಬೇಕು. ‘ಎಲ್ಲ ಸರಿ ಇದೆಯಾ?’ ಅಂದರೆ ಹೂಂ ಅನ್ನುತ್ತಾನೆ. ‘ನಿನ್ನೆ ವ್ಯಾನ್‌ನಲ್ಲಿ ಯಾರ ಪಕ್ಕ ಕೂತಿದ್ದೆ? ಏನು ಮಾತಾಡಿದ್ರಿ?’ ಅಂತ ಕೇಳಿ.