ಕತ್ತಿಯ ವಯಸ್ಸು ಹುಡುಕಬೇಕಾದ್ದು ಹಿಡಿ ಮತ್ತು ಅಲಗು ಸೇರುವ ಜಾಗದಲ್ಲಿ

ಮನೆಯಲ್ಲಿರುವ ಹಳೇ ಕತ್ತಿ ತಂದು "ಇದು ಎಷ್ಟು ವರ್ಷದ್ದು ಸರ್?" ಅಂತ ಕೇಳುವವರಿಗೆ ನಾನು ಒಂದೇ ಇಸವಿ ಹೇಳುವುದು ಕಡಿಮೆ. ಅಲಗಿಗೆ ಒಂದು ವಯಸ್ಸು, ಹಿಡಿಗೆ ಇನ್ನೊಂದು, ಅವೆರಡನ್ನೂ ಸೇರಿಸಿದ ಕೆಲಸಕ್ಕೆ ಮತ್ತೊಂದು. ನಮ್ಮ ಕಡೆ ಸಿಗುವ ತಲ್ವಾರ್ ಮಾದರಿಯ ಕತ್ತಿಗಳಲ್ಲಂತೂ ಹೀಗಾಗುವುದು ತೀರಾ ಸಾಮಾನ್ಯ.

ಕಾರಣ ಹಿಡಿಯ ಕಟ್ಟಡದಲ್ಲೇ ಇದೆ. ತಲ್ವಾರ್ ಹಿಡಿ ಒಳಗೆ ಟೊಳ್ಳು. ಅಲಗಿನ ಗಿಡ್ಡ ಬಾಲವನ್ನು ಅದರೊಳಗೆ ಇಳಿಸಿ, ಕರಗಿಸಿದ ಅರಗು ತುಂಬಿ ಗಟ್ಟಿ ಮಾಡುತ್ತಿದ್ದರು. ಹಿಡಿಯನ್ನು ಬಿಸಿ ಮಾಡಿದರೆ ಅರಗು ಮೆತ್ತಗಾಗಿ ಅಲಗು ಈಚೆ ಬರುತ್ತದೆ. ಯೂರೋಪಿನ ಕತ್ತಿಗಳಲ್ಲಿ ಹಾಗಲ್ಲ, ಉದ್ದನೆಯ ಬಾಲ ಹಿಡಿಯ ಆ ತುದಿಯ ತನಕ ಹೋಗಿ ಅಲ್ಲಿ ಬಡಿದು ಮಡಿಸಿರುತ್ತದೆ. ಹಾಗಾಗಿ ಇಲ್ಲಿ ಅಲಗು ಮುರಿದರೆ ಹಿಡಿ ಉಳಿಯುತ್ತಿತ್ತು, ಒಳ್ಳೆ ಅಲಗು ಸಿಕ್ಕರೆ ಹಳೇ ಹಿಡಿಗೇ ಕೂರಿಸುತ್ತಿದ್ದರು. ಇದು ಮೋಸ ಅಲ್ಲ, ಕತ್ತಿ ಬಳಕೆಯಲ್ಲಿದ್ದ ಕಾಲದ ಮಾಮೂಲಿ ಕೆಲಸ. ಮೋಸ ಶುರುವಾಗುವುದು, ಮಾರುವವರು ಬೇರೆ ಬೇರೆ ತುಂಡು ಜೋಡಿಸಿ ಒಂದೇ ಕಾಲದ್ದು ಅಂತ ಹೇಳಿದಾಗ.

ಬಯಲುಸೀಮೆಯ ಒಂದು ಕುಟುಂಬ ತಂದ ಕತ್ತಿಯನ್ನೇ ತೆಗೆದುಕೊಳ್ಳಿ. "ಹೈದರಾಲಿ ಕಾಲದ್ದು, ನಮ್ಮ ಮುತ್ತಜ್ಜನ ಅಜ್ಜ ಕುದುರೆ ದಳದಲ್ಲಿದ್ದರು" ಅಂದರು. ಬಿಲ್ಲೆಯಂಥ ತಲೆಯಿರುವ ಕಬ್ಬಿಣದ ಹಿಡಿ, ಅದರ ಮೇಲೆ ಚಿನ್ನದ ಬಳ್ಳಿ, ಅಗಲವಾದ ಬಾಗಿದ ಅಲಗು. ನೋಡಲು ಪೂರ್ತಿ ನಮ್ಮೂರ ಕತ್ತಿ.

ನಾನು ಮೊದಲು ನೋಡಿದ್ದು ಅಲಗನ್ನು. ಉದ್ದ ಸುಮಾರು 83 ಸೆಂಟಿಮೀಟರ್. ಒಂದೇ ಒಂದು ಅಗಲವಾದ ತೋಡು, ಎರಡೂ ಬದಿಯಲ್ಲಿ ಒಂದೇ ಆಳ, ಎಲ್ಲೂ ಅಲುಗಾಡದ ಗೆರೆ. ತುದಿಯ ಹತ್ತಿರ ಅಲಗು ಸಣ್ಣಗಾಗುವ ಬದಲು ಇನ್ನೂ ಅಗಲವಾಗುತ್ತದೆ. ಇದು 1796ರಲ್ಲಿ ಬ್ರಿಟಿಷ್ ಹಗುರ ಅಶ್ವದಳಕ್ಕೆ ಗೊತ್ತು ಮಾಡಿದ ಕತ್ತಿಯ ಆಕಾರ. ನಮ್ಮ ಕಮ್ಮಾರರೂ ಇದನ್ನು ನಕಲು ಮಾಡಿದ್ದಾರೆ, ಆದರೆ ಕೈಯಲ್ಲಿ ತೆಗೆದ ತೋಡು ಬೆಳಕಿಗೆ ಓರೆಯಾಗಿ ಹಿಡಿದರೆ ಅಲ್ಲಲ್ಲಿ ಅಲೆಯುವುದು ಕಾಣುತ್ತದೆ, ಎರಡು ಬದಿಯ ತೋಡುಗಳು ಒಂದೇ ಜಾಗದಲ್ಲಿ ಮುಗಿಯುವುದೂ ಕಡಿಮೆ. ಇಲ್ಲಿ ಆ ಅನುಮಾನಕ್ಕೆ ಜಾಗ ಇರಲಿಲ್ಲ. ಅಲಗಿನ ಬೆನ್ನಿನ ಮೇಲೆ, ಹಿಡಿಗೆ ತಾಗಿದಂತೆ, ಜಿಡ್ಡಿನಡಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ರಂಕೆಲ್, ಸೋಲಿಂಗೆನ್ ಎಂದಿತ್ತು. ರಂಕೆಲ್ ಎಂಬಾತ 18ನೇ ಶತಮಾನದ ಕೊನೆ, 19ನೇ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಸೋಲಿಂಗೆನ್‌ನಿಂದ ಲಂಡನ್ನಿಗೆ ಅಲಗು ತರಿಸುತ್ತಿದ್ದ ವ್ಯಾಪಾರಿ. ಹೈದರಾಲಿ ತೀರಿಕೊಂಡದ್ದು 1782ರಲ್ಲಿ. ಅಲ್ಲಿಗೆ ಆ ಕಥೆ ನಿಲ್ಲುವುದಿಲ್ಲ, ಅಲ್ವಾ?

ನಾನು ಹಿಡಿಯುವ ಲೆಕ್ಕ ಇದೇ. ಹಿಡಿ ಎಷ್ಟೇ ಹಳೆಯದಿರಲಿ, ಕತ್ತಿ ಈಗಿನ ರೂಪಕ್ಕೆ ಬಂದದ್ದು ಅದರ ಅತಿ ಹೊಸ ಭಾಗ ತಯಾರಾದ ಮೇಲೆ. ತಲ್ವಾರ್ ಹಿಡಿಯ ಆಕಾರ ನೋಡಿ ಇಸವಿ ಹೇಳಲು ಹೋಗಬೇಡಿ, ಹೆಚ್ಚುಕಡಿಮೆ ಅದೇ ಆಕಾರ ಇನ್ನೂರು ವರ್ಷಕ್ಕೂ ಮೇಲೆ ಓಡಿದೆ.

ಆಮೇಲೆ ಸೇರುವ ಜಾಗ. ತಲ್ವಾರ್ ಹಿಡಿಯಿಂದ ಅಲಗಿನ ಮೇಲೆ ಎರಡು ಕಡೆ ಒಂದೊಂದು ಚಿಕ್ಕ ನಾಲಗೆ ಇಳಿದಿರುತ್ತದೆ. ಅದರಡಿ ಗಾಳಿ, ಬೆವರು, ತಿಕ್ಕಾಟ ಕಡಿಮೆ, ಆದ್ದರಿಂದ ಅಲಗಿನ ಬಣ್ಣ ಅಲ್ಲಿ ಬೇರೆ. ಈ ಕತ್ತಿಯಲ್ಲಿ ಈಗಿನ ನಾಲಗೆ ಮುಗಿದ ಮೇಲೂ ಬೆರಳಗಲದಷ್ಟು ಮುಂದಕ್ಕೆ ತಿಳಿಯಾದ ಒಂದು ಕಲೆ ಇತ್ತು, ಅದರ ಅಂಚು ದುಂಡಗೆ. ಅಂದರೆ ಹಿಂದೆ ಇದಕ್ಕೆ ಬೇರೆ ಹಿಡಿ ಇತ್ತು, ಅದರ ನಾಲಗೆ ಉದ್ದವಾಗಿತ್ತು. 1796ರ ಮೂಲ ಹಿಡಿಯಲ್ಲೂ ಅಂಥ ನಾಲಗೆ ಇರುತ್ತದೆ, ಬಹುಶಃ ಅದರದ್ದೇ ಕಲೆ.

ಸಂದಿನಲ್ಲಿ ಕಂಡ ಅರಗು ಕಪ್ಪು ಕಂದು, ಒಣಗಿ ಕೂದಲೆಳೆ ಬಿರುಕು ಬಿಟ್ಟದ್ದು. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಅರಗು ಸಾಮಾನ್ಯವಾಗಿ ಕಿತ್ತಳೆ ಛಾಯೆ ತೋರುತ್ತದೆ, ಈಗಿನ ಎಪಾಕ್ಸಿ ಅಂಟು ಹೆಚ್ಚಾಗಿ ಹಾಲಿನಂಥ ನೀಲಿ ಬಿಳುಪು. ಇಲ್ಲಿ ಕಿತ್ತಳೆ. ಆದರೆ ಇಷ್ಟರಿಂದಲೇ ಹಳೇ ಜೋಡಣೆ ಅನ್ನಲಾಗದು, ಅರಗು ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ನಾನು ನಂಬಿದ್ದು ತುಕ್ಕನ್ನು. ಸಂದಿನ ಈಚೆ ಹಿಡಿಯ ಮೇಲೆ, ಆಚೆ ಅಲಗಿನ ಮೇಲೆ, ಅರಗಿನ ಅಂಚನ್ನೂ ಹಿಡಿದುಕೊಂಡು ಒಂದೇ ಗಟ್ಟಿ ಕಪ್ಪು ತುಕ್ಕು ಬೆಳೆದಿತ್ತು. ಎರಡು ಭಾಗಗಳು ಬಹಳ ಕಾಲ ಒಟ್ಟಿಗೆ ಇದ್ದರೆ ಮಾತ್ರ ಹಾಗಾಗುತ್ತದೆ. ಆಸಿಡ್ ಹಾಕಿ ಬರಿಸಿದ ತುಕ್ಕು ಕೆಂಪಾಗಿ, ಪುಡಿಪುಡಿಯಾಗಿ, ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ತುಕ್ಕು ನೀರು ನಿಲ್ಲುವ ಜಾಗವನ್ನು ಹೆಚ್ಚು ತಿಂದಿರುತ್ತದೆ.

ಚಿನ್ನದ ಬಳ್ಳಿ ಮಾತ್ರ ಬೇರೆ ಕಥೆ ಹೇಳಿತು. ಕೋಫ್ತಗಾರಿಯಲ್ಲಿ ಕಬ್ಬಿಣದ ಮೇಲೆ ಅಡ್ಡಡ್ಡ ಸಣ್ಣ ಗೀರು ಎಳೆದು, ಅದರ ಮೇಲೆ ಚಿನ್ನದ ತಂತಿ ಇಟ್ಟು ಬಡಿಯುತ್ತಾರೆ. ಹಳೇ ಕೆಲಸದಲ್ಲಿ ತುಕ್ಕು ಕೆಳಗಿಂದ ಎದ್ದು ಚಿನ್ನವನ್ನು ಕಿತ್ತಿರುತ್ತದೆ, ತುಕ್ಕಿನ ಗುಳಿ ಇರುವಲ್ಲಿ ಚಿನ್ನ ಇರುವುದಿಲ್ಲ. ಇಲ್ಲಿ ಭೂತಗನ್ನಡಿ ಇಟ್ಟು ನೋಡಿದರೆ ಗೀರುಗಳೂ ಚಿನ್ನವೂ ಗುಳಿಯೊಳಗೆ ಇಳಿದಿದ್ದವು. ಮೊದಲು ತುಕ್ಕು, ಆಮೇಲೆ ಚಿನ್ನ. ಬೆರಳು ಒತ್ತುವ ಜಾಗದಲ್ಲೂ ಬಳ್ಳಿ ಸವೆದಿರಲಿಲ್ಲ. ಉದಯಪುರದಲ್ಲಿ ಇವತ್ತಿಗೂ ಈ ಕೆಲಸ ಮಾಡುವ ಕುಶಲಿಗಳಿದ್ದಾರೆ, ಹಳೇ ಹಿಡಿಗೆ ಹೊಸ ಚಿನ್ನ ಹಾಕಿಸುವುದು ಕಷ್ಟವೇ ಅಲ್ಲ.

ಹೀಗಾಗಿ ನನ್ನ ಬರಹದಲ್ಲಿ ಹೋದದ್ದು ಇಷ್ಟು: ಅಲಗು 1800ರ ಆಸುಪಾಸು, ಜರ್ಮನಿಯದ್ದು. ಇಲ್ಲಿಯ ಹಿಡಿಗೆ ಕೂರಿಸಿದ್ದು 19ನೇ ಶತಮಾನದಲ್ಲಿ, ಬಳಕೆಗಾಗಿಯೇ. ಚಿನ್ನದ ಕೆಲಸ ತೀರಾ ಈಚಿನದು. ಕುಟುಂಬದ ಹಿರಿಯರು ಕುದುರೆ ದಳದಲ್ಲಿದ್ದದ್ದು ಸುಳ್ಳು ಅಂತ ಈ ಯಾವುದೂ ಹೇಳುವುದಿಲ್ಲ, ಕತ್ತಿ ಆ ಕಾಲದ್ದಲ್ಲ ಅಷ್ಟೆ.

ಜೋಡಣೆ ಕಂಡ ಕಡೆಯೆಲ್ಲ ಅನುಮಾನಪಡುವುದೂ ತಪ್ಪು. ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಅವರು ನೋಡಿ ಬರೆದಿದ್ದಾರೆ, ಅವರು ಇಲ್ಲಿ ತಿರುಗಾಡಿದ್ದು 1800-01ರಲ್ಲಿ. ಅಂಥ ಉಕ್ಕಿನಲ್ಲಿ ಇಂಗಾಲ ಜಾಸ್ತಿ, ಪೆಟ್ಟು ಬಿದ್ದರೆ ಬಾಲದ ಹತ್ತಿರ ಬಿರಿಯುವ ಭಯ. ಅದಕ್ಕೇ ಕೆಲವು ಅಲಗುಗಳಿಗೆ ಮೊದಲೇ ಮೆತ್ತನೆ ಕಬ್ಬಿಣದ ಬಾಲ ಬೆಸೆದಿರುತ್ತಾರೆ, ಹಿಡಿಯ ಪಕ್ಕ ಓರೆಯಾದ ಬೆಸುಗೆ ಗೆರೆ ಕಾಣುತ್ತದೆ. ಅದು ರಿಪೇರಿ ಅಲ್ಲ. ಕುಲುಮೆಯ ಬೆಸುಗೆಯಲ್ಲಿ ಎರಡು ಲೋಹ ಒಂದರೊಳಗೊಂದು ಸೇರಿರುತ್ತವೆ, ಈಗಿನ ಕರೆಂಟ್ ವೆಲ್ಡಿಂಗ್‌ನಲ್ಲಿ ಉಬ್ಬು ಬಂದು, ಅದನ್ನು ಗ್ರೈಂಡರ್‌ನಲ್ಲಿ ಉಜ್ಜಿದ ಗುರುತು ಉಳಿಯುತ್ತದೆ.

ಕಠಾರಿಗಳಲ್ಲಿ ನೋಡಬೇಕಾದ್ದು ತೋಡಿನ ಕೊನೆ. ತುದಿಗಿಂತ ಮೊದಲೇ ಅದು ಮೆಲ್ಲಗೆ ಮುಗಿದರೆ ಅಲಗು ಕಠಾರಿಗೆಂದೇ ಬಡಿದದ್ದು. ತುದಿಯ ತನಕ ಓಡಿ ತುಂಡರಿಸಿದಂತೆ ನಿಂತರೆ ಉದ್ದ ಕತ್ತಿಯನ್ನು ಕತ್ತರಿಸಿ ಮಾಡಿದ್ದು. ತಂಜಾವೂರಿನ ಕಠಾರಿಗಳಲ್ಲಿ ಯೂರೋಪಿನ ಅಲಗಿನ ತುಂಡುಗಳನ್ನು ರಿವೆಟ್ ಹೊಡೆದು ಕೂರಿಸಿದ್ದು ಎಷ್ಟೋ ಇವೆ, ಅವೂ ಹಳೆಯವೇ.

ಆಯುಧಪೂಜೆಗೆ ಮುಂಚೆ ಒಂದು ಮಾತು. ಹುಣಸೆಹಣ್ಣು, ಎಮರಿ ಪೇಪರ್ ಹಾಕಿ ಉಜ್ಜಬೇಡಿ. ನಾನು ಮೇಲೆ ಹೇಳಿದ ಕಲೆ, ಬೆನ್ನಿನ ಅಕ್ಷರ, ಸಂದಿನ ತುಕ್ಕು ಮೂರೂ ಒಂದೇ ಬೆಳಗ್ಗೆ ಹೋಗುತ್ತವೆ. ಹಿಡಿಯನ್ನು ನೀವೇ ಬಿಸಿ ಮಾಡಿ ಬಿಚ್ಚಲೂ ಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಅಲಗಿಗೆ ತೆಳುವಾಗಿ ಮೆಷಿನ್ ಎಣ್ಣೆ ಹಚ್ಚಿ, ಕುಂಕುಮವನ್ನು ಕತ್ತಿಯ ಕೆಳಗಿನ ಬಟ್ಟೆಗೆ ಇಡಿ. ತೋರಿಸಲು ತರುವಾಗ ಒರೆಯನ್ನೂ ತನ್ನಿ, ಅದರ ಬಾಯಿ ಈಗಿನ ನಾಲಗೆಗೆ ಹೊಂದುತ್ತದಾ ಅಂತ ನೋಡಬೇಕು.