ಹತ್ತು ವರ್ಷದ ಬಿಡುವಿನ ನಂತರ ಅಕೌಂಟ್ಸ್ ಕೆಲಸ: ಯಾವ ಸರ್ಟಿಫಿಕೇಟ್ ನೋಡಿ ನಂಬುತ್ತಾರೆ?

ಪ್ರಶ್ನೆ: ನಾನು ಬಿ.ಕಾಂ. ಓದಿದ್ದೇನೆ. 2014ರವರೆಗೆ ದಾವಣಗೆರೆಯ ಒಂದು ಹೋಲ್‌ಸೇಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅಕೌಂಟೆಂಟ್ ಆಗಿದ್ದೆ. ಮಕ್ಕಳು, ಅತ್ತೆಯವರ ಆರೋಗ್ಯ ಅಂತ ಕೆಲಸ ಬಿಟ್ಟೆ. ಈಗ ಮತ್ತೆ ಸೇರಬೇಕು. ಹೋದಲ್ಲೆಲ್ಲ "ಈಗಿನ ಕೆಲಸ ಏನು ಗೊತ್ತು?" ಎಂದು ಕೇಳುತ್ತಾರೆ. ಯಾವ ಸರ್ಟಿಫಿಕೇಟ್ ಮಾಡಿಕೊಳ್ಳಲಿ?

ಉತ್ತರ: ನಿಮಗೆ ಲೆಕ್ಕ ಬರೆಯಲು ಬರುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗೆ ಇಲ್ಲ. ಡೆಬಿಟ್ ಕ್ರೆಡಿಟ್ ಬದಲಾಗಿಲ್ಲ, ಬ್ಯಾಂಕ್ ರಿಕನ್ಸಿಲಿಯೇಶನ್ ಬದಲಾಗಿಲ್ಲ. ನೀವು ಬಿಟ್ಟಾಗ ಇದ್ದದ್ದು ವ್ಯಾಟ್ 100 ರಿಟರ್ನ್ ಮತ್ತು ಇ-ಸುಗಮ್. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2018ರಲ್ಲಿ ಇ-ವೇ ಬಿಲ್ ಬಂತು. 2020ರಲ್ಲಿ ದೊಡ್ಡ ಕಂಪನಿಗಳಿಗೆ ಇ-ಇನ್‌ವಾಯ್ಸ್ ಶುರುವಾಯಿತು, ಅದೇ ವರ್ಷ ಟ್ಯಾಲಿ ಇಆರ್‌ಪಿ 9 ಹೋಗಿ ಟ್ಯಾಲಿಪ್ರೈಮ್ ಬಂತು. ಅವರ ಅನುಮಾನ ಇರುವುದು ಇಷ್ಟರ ಮೇಲೆ ಮಾತ್ರ. ಹಾಗಾಗಿ ಈ ಅನುಮಾನ ಕಳೆಯುವ ಕಾಗದ ಬೇಕು. ಎಂ.ಕಾಂ. ಅಥವಾ ಎಂಬಿಎಗೆ ಎರಡು ವರ್ಷ ಕೊಡುವುದು ನನ್ನ ಪ್ರಕಾರ ಇಲ್ಲಿ ದಾರಿಯಲ್ಲ. ಆ ಡಿಗ್ರಿ ನೋಡಿದವರೂ ಕೊನೆಗೆ ಅದೇ ಪ್ರಶ್ನೆ ಕೇಳುತ್ತಾರೆ.

ಸರ್ಟಿಫಿಕೇಟ್‌ಗಳಲ್ಲಿ ಎರಡು ಜಾತಿ. ಒಂದು, ನೀವು ತರಗತಿಗೆ ಬಂದಿದ್ದಿರಿ ಎಂದು ಹೇಳುವುದು. ಇನ್ನೊಂದು, ಬೇರೆಯವರು ಇಟ್ಟ ಪರೀಕ್ಷೆಯನ್ನು ನೀವು ಪಾಸು ಮಾಡಿದ್ದೀರಿ ಎಂದು ಹೇಳುವುದು. ಊರಿನ ಕಂಪ್ಯೂಟರ್ ಸೆಂಟರ್ ಕೊಡುವ "ಟ್ಯಾಲಿ ವಿತ್ ಜಿಎಸ್‌ಟಿ" ಕಾಗದ ಹೆಚ್ಚಾಗಿ ಮೊದಲನೆಯದು. ಕಲಿಯೋಕೆ ಅಲ್ಲಿಗೆ ಹೋಗಿ, ತಪ್ಪೇನಿಲ್ಲ. ಆದರೆ ಅದೊಂದನ್ನೇ ನಂಬಿಕೊಂಡು ಸಂದರ್ಶನಕ್ಕೆ ಹೋಗಬೇಡಿ. ಸೇರುವ ಮುಂಚೆ ಅವರ ಪಾಠದ ಪುಸ್ತಕ ಕೇಳಿ ನೋಡಿ. ಉದಾಹರಣೆಗಳಲ್ಲಿ ಇನ್ನೂ 12% ಮತ್ತು 28% ದರಗಳೇ ತುಂಬಿದ್ದರೆ ಅದು ಹಳೇ ಪಾಠ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಸರಕುಗಳು 5% ಅಥವಾ 18%ಕ್ಕೆ ಬಂದಿವೆ. ಟಿಡಿಎಸ್ ಪಾಠವನ್ನೂ ಹಾಗೇ ನೋಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಸೆಕ್ಷನ್ ನಂಬರ್‌ಗಳೇ ಬೇರೆ. ಇದು ನಿಮಗೆ ಒಳ್ಳೆಯದೇ ಆಯಿತು. ಬಿಡದೆ ಕೆಲಸ ಮಾಡಿದವರೂ ಇದನ್ನು ಹೊಸದಾಗಿ ಕಲಿಯಬೇಕು.

ಎರಡನೇ ಜಾತಿಯಲ್ಲಿ ನಿಮಗೆ ಸರಿಹೊಂದುವುದು ಎರಡಿವೆ. ಟ್ಯಾಲಿ ಕಂಪನಿಯ ಶಿಕ್ಷಣ ವಿಭಾಗವೇ ಕೊಡುವ ಟ್ಯಾಲಿಎಸೆನ್ಷಿಯಲ್, ಟ್ಯಾಲಿಪ್ರೊ ಮೊದಲಾದ ಸರ್ಟಿಫಿಕೇಟ್‌ಗಳು ಒಂದು. ಟ್ಯಾಲಿಪ್ರೈಮ್ ಗೊತ್ತು ಎನ್ನಲು ಅದು ಸಾಕು.

ಇನ್ನೊಂದು ಜಿಎಸ್‌ಟಿ ಪ್ರಾಕ್ಟಿಷನರ್, ಅಂದರೆ ಬೇರೆಯವರ ಪರವಾಗಿ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ನೋಂದಾಯಿಸಿಕೊಂಡವರು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತುಂಬ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ಬಿ.ಕಾಂ. ಆದವರು ಜಿಎಸ್‌ಟಿ ಪೋರ್ಟಲ್‌ನಲ್ಲಿ GST PCT-01 ಅರ್ಜಿ ತುಂಬಬಹುದು. ಒಪ್ಪಿಗೆಯಾದರೆ GST PCT-02 ಎಂಬ ಪ್ರಮಾಣಪತ್ರ ಬರುತ್ತದೆ. ಕೆಲವರು ಅದನ್ನೇ ಫ್ರೇಮ್ ಹಾಕಿಸುತ್ತಾರೆ. ಆದರೆ ಅದು ನೋಂದಣಿ ಮಾತ್ರ. ಆಮೇಲೆ ಕೇಂದ್ರ ಸರ್ಕಾರದ ನ್ಯಾಸಿನ್ ಸಂಸ್ಥೆಯ ಪರೀಕ್ಷೆ ಬರೆಯಬೇಕು. ಎರಡೂವರೆ ಗಂಟೆ, 100 ಪ್ರಶ್ನೆ, ಸರಿ ಉತ್ತರ ಆರಿಸುವ ಬಗೆಯದು, ಪಾಸಾಗಲು ಅರ್ಧದಷ್ಟು ಅಂಕ ಬೇಕು. ನಿಮ್ಮ ರೆಸ್ಯೂಮೆಯಲ್ಲಿ ಈ ಪಾಸಾದ ಸಾಲು ಇರಬೇಕು, ನೋಂದಣಿಯದಲ್ಲ. ಎರಡು ಮಿತಿ ನೆನಪಿಡಿ. ಪರೀಕ್ಷೆ ಅವರು ದಿನ ಪ್ರಕಟಿಸಿದಾಗ ಮಾತ್ರ ನಡೆಯುತ್ತದೆ, ಬೇಕೆಂದಾಗ ಬರೆಯಲಾಗದು. ಮತ್ತೆ ಅದು ಕೇಳುವುದು ಜಿಎಸ್‌ಟಿ ಕಾನೂನು ಮತ್ತು ವಿಧಾನ ಅಷ್ಟೇ. ತಿಂಗಳ ಕೊನೆಯ ಗಡಿಬಿಡಿಯಲ್ಲಿ ನೀವು ಹೇಗೆ ಕೆಲಸ ಮಾಡುತ್ತೀರಿ ಎಂದು ಅದು ತೋರಿಸುವುದಿಲ್ಲ.

ಅದನ್ನು ತೋರಿಸಲು ನೀವೇ ಮಾಡಿದ ಒಂದು ಕೆಲಸ ಕೈಯಲ್ಲಿರಲಿ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಬೆಲೆ ಇರುವುದು ಇದಕ್ಕೇ. ಟ್ಯಾಲಿಪ್ರೈಮ್ ಅನ್ನು ಎಜುಕೇಷನಲ್ ಮೋಡ್‌ನಲ್ಲಿ ದುಡ್ಡು ಕೊಡದೆ ಬಳಸಬಹುದು. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬಿಡುತ್ತದೆ. ಹಾಗಾಗಿ 31 ದಿನದ ತಿಂಗಳನ್ನೇ ಆರಿಸಿ. ಒಂದು ಕಲ್ಪಿತ ಹಾರ್ಡ್‌ವೇರ್ ಅಂಗಡಿ ಮಾಡಿ, ನಿಮಗೆ ಗೊತ್ತಿರುವ ವ್ಯಾಪಾರವೇ ಅಲ್ವಾ. ಖರೀದಿ, ಮಾರಾಟ, ಬ್ಯಾಂಕ್ ಎಲ್ಲ ಬರೆಯಿರಿ. ಆಮೇಲೆ ಜಿಎಸ್‌ಟಿಆರ್-2ಬಿ ತಾಳೆ ನೋಡಿದ ಒಂದು ಪುಟ ತಯಾರಿಸಿ. ಮಾರಿದವರು ಸಲ್ಲಿಸಿದ ವಿವರಗಳಿಂದ, ನಿಮಗೆ ಸಿಗಬಹುದಾದ ತೆರಿಗೆ ಕ್ರೆಡಿಟ್ ಎಷ್ಟೆಂದು ಪೋರ್ಟಲ್ 14ನೇ ತಾರೀಖು ತೋರಿಸುವ ಪಟ್ಟಿಯೇ 2ಬಿ. 2022ರಿಂದ ಅದರಲ್ಲಿ ಕಾಣದ ಬಿಲ್‌ಗೆ ಕ್ರೆಡಿಟ್ ಇಲ್ಲ.

ಲೆಕ್ಕ ಹೀಗಿರಲಿ. ನಿಮ್ಮ ಪುಸ್ತಕದಲ್ಲಿ ಮೂರು ಖರೀದಿ ಬಿಲ್, ಒಂದೊಂದೂ 1 ಲಕ್ಷ ರೂಪಾಯಿಯದು, 18%ರಂತೆ ಒಟ್ಟು ಕ್ರೆಡಿಟ್ 54,000. 2ಬಿಯಲ್ಲಿ ಬಂದಿರುವುದು 40,500. ವ್ಯತ್ಯಾಸ 13,500 ಎಂದು ಬರೆದು ಬಿಟ್ಟರೆ ಕೆಲಸ ಆಗಲಿಲ್ಲ. ಬಿಡಿಸಿ ನೋಡಿದರೆ ಎರಡು ಬಿಲ್‌ನ 36,000 ಸರಿಯಾಗಿ ಕೂಡುತ್ತದೆ. ಒಬ್ಬ ಸಪ್ಲೈಯರ್ ತನ್ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಸಲ್ಲಿಸಿಲ್ಲ, ಅವನ 18,000 ಬಂದಿಲ್ಲ. ಮತ್ತೆ ನಿಮ್ಮ ಪುಸ್ತಕದಲ್ಲಿ ಇಲ್ಲದ, 4,500 ಕ್ರೆಡಿಟ್‌ನ ಒಂದು ಬಿಲ್ 2ಬಿಯಲ್ಲಿ ಕಾಣುತ್ತಿದೆ. ನಿಮ್ಮ ಪುಟದ ಕೊನೆಯ ಕಾಲಂನಲ್ಲಿ ಈ ತಿಂಗಳು ಏನು ಮಾಡಬೇಕು ಎಂದು ಬರೆಯಿರಿ. 36,000 ತೆಗೆದುಕೊಳ್ಳುವುದು. 18,000ಕ್ಕೆ ಸಪ್ಲೈಯರ್‌ಗೆ ಫೋನ್ ಮಾಡಿ, ಅದು 2ಬಿಗೆ ಬಂದ ತಿಂಗಳು ತೆಗೆದುಕೊಳ್ಳುವುದು. 4,500 ಕ್ರೆಡಿಟ್‌ನ ಬಿಲ್ ಮತ್ತು ಅದರ ಸರಕು ಗೋಡೌನ್‌ಗೆ ಬಂದಿದೆಯೇ ಎಂದು ವಿಚಾರಿಸಿ, ಅಲ್ಲಿಯವರೆಗೆ ಪೋರ್ಟಲ್‌ನ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂನಲ್ಲಿ ಪೆಂಡಿಂಗ್ ಇಡುವುದು. ಈ ಪುಟವನ್ನು ಮುಂದಿಟ್ಟು ಎರಡು ನಿಮಿಷ ಮಾತಾಡಿದರೆ "ಈಗಿನದ್ದು ಏನು ಗೊತ್ತು" ಎಂಬ ಪ್ರಶ್ನೆ ಮತ್ತೆ ಬರುವುದಿಲ್ಲ. ಇದು ಅಭ್ಯಾಸದ ಲೆಕ್ಕ ಎಂದು ಮೇಲೆಯೇ ಬರೆದಿಡಿ. ಪರಿಚಯದವರ ಅಂಗಡಿಯ ನಿಜವಾದ ಬಿಲ್ ತೋರಿಸಬೇಡಿ. ಬೇರೆಯವರ ಲೆಕ್ಕ ಹೊರಗೆ ತೋರಿಸುವವರನ್ನು ಯಾರೂ ಅಕೌಂಟ್ಸ್‌ಗೆ ಸೇರಿಸಿಕೊಳ್ಳುವುದಿಲ್ಲ.

ಆಗುವುದಾದರೆ ಊರಿನ ಒಬ್ಬ ಆಡಿಟರ್ ಆಫೀಸಿನಲ್ಲಿ ಮೂರು ತಿಂಗಳು ಕೆಲಸ ಮಾಡಿ, ಸಂಬಳ ಕಡಿಮೆಯಾದರೂ ಸರಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಗಡುವು ಇರುವುದರಿಂದ ಅಲ್ಲಿ ಕೈಗಳು ಸದಾ ಬೇಕು. ಬಿಡುವಾಗ ಪತ್ರ ಕೇಳಿ. "ಒಳ್ಳೆಯ ನಡತೆ, ಶ್ರದ್ಧೆಯಿಂದ ದುಡಿದರು" ಎಂಬ ಪತ್ರ ಬೇಡ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಷ್ಟು ಪಾರ್ಟಿಗಳ ಲೆಕ್ಕ, 2ಬಿ ತಾಳೆ ನೋಡಿದ್ದಾರೋ, ರಿಟರ್ನ್ ತಯಾರಿಸಿದ್ದಾರೋ, ಇ-ವೇ ಬಿಲ್ ಮಾಡಿದ್ದಾರೋ ಎಂದು ಬರೆದಿರಬೇಕು. ಆಡಿಟರ್‌ಗೆ ಬಿಡುವು ಇರುವುದಿಲ್ಲ, ಕರಡನ್ನು ನೀವೇ ಬರೆದು ಕೊಟ್ಟರೆ ತಿದ್ದಿ ಸಹಿ ಮಾಡುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಟ್ಯಾಲಿಪ್ರೈಮ್ ಕಲಿತು ಆ ಒಂದು ಪುಟ ಮಾಡಿ, ಅದನ್ನೇ ಹಿಡಿದು ಆಡಿಟರ್ ಆಫೀಸಿಗೆ ಹೋಗುತ್ತಿದ್ದೆ. ಪ್ರಾಕ್ಟಿಷನರ್ ನೋಂದಣಿಗೆ ಅರ್ಜಿಯನ್ನೂ ಆಗಲೇ ಹಾಕಿಬಿಡಿ. ಪರೀಕ್ಷೆಯ ದಿನ ಪ್ರಕಟವಾಗುವವರೆಗೆ ಕೆಲಸ ಹುಡುಕುವುದನ್ನು ಸುಮ್ನೆ ನಿಲ್ಲಿಸಬೇಡಿ.