ಫಿಲ್ಟರ್ ತೊಳೆದರೂ ಮುಗ್ಗಲು ವಾಸನೆ ಹೋಗುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮಲಗುವ ಕೋಣೆಗೆ ಎಸಿ, ಹಾಲ್‌ಗೆ ಕೂಲರ್ ಇದೆ. ಎಸಿ ಫಿಲ್ಟರ್ ಆಗಾಗ ತೊಳೆಯುತ್ತೇನೆ, ಕೂಲರ್‌ಗೆ ದಿನಾ ಹೊಸ ನೀರು ಹಾಕುತ್ತೇನೆ. ಆದರೂ ಆನ್ ಮಾಡಿದ ತಕ್ಷಣ ಒದ್ದೆ ಬಟ್ಟೆ ಮುಗ್ಗಿದ ಹಾಗೆ ವಾಸನೆ ಬರುತ್ತದೆ. ಏನು ಮಾಡಲಿ?

ಉತ್ತರ: ಫಿಲ್ಟರ್ ಹಿಡಿಯುವುದು ಧೂಳನ್ನು. ವಾಸನೆ ಹುಟ್ಟುವುದು ಧೂಳಿನ ಜೊತೆ ತೇವ ಸೇರಿದ ಕಡೆ. ಹಾಗಾಗಿ ತೊಳೆಯುವುದು ಅರ್ಧ ಕೆಲಸ ಮಾತ್ರ, ಒಣಗಿಸುವುದು ಇನ್ನರ್ಧ.

ಮೊದಲು ಎಸಿ ನೋಡೋಣ. ಮೇನ್ ಸ್ವಿಚ್ ಆಫ್ ಮಾಡಿ, ಮುಂದಿನ ಮುಚ್ಚಳ ಎತ್ತಿ ಜಾಲರಿ ಫಿಲ್ಟರ್ ಎಳೆದುಕೊಳ್ಳಿ. ಸೀದಾ ನಲ್ಲಿಯ ಕೆಳಗೆ ಹಿಡಿಯಬೇಡಿ. ಒಣ ಧೂಳು ನೆನೆದರೆ ಕೆಸರಾಗಿ ಜಾಲರಿಯ ಕಣ್ಣುಗಳಲ್ಲಿ ಅಂಟಿಕೊಳ್ಳುತ್ತದೆ. ಮೊದಲು ಹೊರಗೆ ಮೆಲ್ಲಗೆ ಕೊಡವಿ, ಆಮೇಲೆ ಹಿಂಬದಿಯಿಂದ ನೀರು ಬಿಡಿ. ಧೂಳು ಕೂತಿರುವುದು ಮುಂಬದಿಯಲ್ಲಿ ಅಲ್ವಾ? ಹಿಂದಿನಿಂದ ಬಂದ ನೀರು ಅದನ್ನು ಬಂದ ದಾರಿಯಲ್ಲೇ ಹೊರಗೆ ತಳ್ಳುತ್ತದೆ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸೋಪು ನೀರು, ಮೆತ್ತನೆ ಬ್ರಷ್ ಸಾಕು. ಬಿಸಿ ನೀರು ಬೇಡ, ಬಿಸಿಲಲ್ಲಿ ಒಣಗಿಸುವುದೂ ಬೇಡ. ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾದರೆ ಸಂದಿಯಿಂದ ಧೂಳು ಒಳಗೆ ನುಗ್ಗುತ್ತದೆ. ಒಣಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಕೈಗೆ ಒಣಗಿದಂತೆ ಅನ್ನಿಸಿದರೂ ಜಾಲರಿಯ ಕಣ್ಣುಗಳಲ್ಲಿ ಸಣ್ಣ ಸಣ್ಣ ನೀರಿನ ಪೊರೆ ಹೊಳೆಯುತ್ತಿರುತ್ತದೆ. ಅದು ಹೋಗುವವರೆಗೆ ನೆರಳಲ್ಲೇ ಇರಲಿ. ಎಸಿ ದಿನಾ ಓಡುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಇಷ್ಟು ಮಾಡಿ. ಜಾಲರಿಯ ಜೊತೆ ಬೇರೆ ಸಣ್ಣ ಫಿಲ್ಟರ್ ತುಂಡುಗಳಿದ್ದರೆ, ಜೊತೆಗೆ ಬಂದ ಪುಸ್ತಕ ನೋಡದೆ ನೆನೆಸಬೇಡಿ. ಎಷ್ಟೋ ತುಂಡುಗಳು ನೀರು ತಾಕಿದರೆ ಹಾಳಾಗುತ್ತವೆ.

ಈಗ ಒಣಗಿದ ಫಿಲ್ಟರನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಅದರಲ್ಲಿ ವಾಸನೆ ಇಲ್ಲ, ಎಸಿ ಹಾಕಿದಾಗ ಮಾತ್ರ ಬರುತ್ತದೆ ಅಂದರೆ ಮೂಲ ಅದರ ಹಿಂದಿನ ಕಾಯಿಲ್‌ನಲ್ಲಿದೆ. ತಣ್ಣಗಿರುವ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ನಾವು ರಿಮೋಟ್ ಒತ್ತಿ ಆಫ್ ಮಾಡಿದಾಗ ಆ ಕಾಯಿಲ್ ಒದ್ದೆಯಾಗಿಯೇ ಕತ್ತಲಲ್ಲಿ ಉಳಿಯುತ್ತದೆ. ಜಾಲರಿ ದಾಟಿ ಹೋದ ನಯವಾದ ಧೂಳು ಅದಕ್ಕೆ ಅಂಟಿ, ಬೂಷ್ಟು ಬೆಳೆಯುತ್ತದೆ. ಆಫ್ ಮಾಡುವ ಮೊದಲು ಅರ್ಧ ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ. ಮೊದಲ ಕೆಲವು ನಿಮಿಷ ವಾಸನೆ ಜಾಸ್ತಿಯಾದಂತೆ ಅನ್ನಿಸಬಹುದು. ಕಾಯಿಲ್ ಒಣಗುತ್ತಿದೆ ಅಂತಲೇ ಅರ್ಥ, ನಿಲ್ಲಿಸಬೇಡಿ. ಒಂದು ವಾರ ಹೀಗೆ ಮಾಡಿದರೂ ಕಡಿಮೆಯಾಗದಿದ್ದರೆ, ಅಥವಾ ಗಾಳಿ ಬರುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟಾಗ ಒಳಗಿನ ಉದ್ದನೆ ಫ್ಯಾನಿನ ಮೇಲೆ ಕಪ್ಪು ಚುಕ್ಕೆ ಕಂಡರೆ, ಮೆಕ್ಯಾನಿಕ್‌ನಿಂದ ಒಳಭಾಗ ತೊಳೆಸಿ. ನೀವೇ ನೀರು ಸುರಿಯಬೇಡಿ, ಪಕ್ಕದಲ್ಲೇ ಕರೆಂಟಿನ ಬೋರ್ಡ್ ಇರುತ್ತದೆ.

ಕೂಲರ್ ವಿಷಯದಲ್ಲಿ "ದಿನಾ ಹೊಸ ನೀರು" ಅನ್ನುವ ಮಾತಲ್ಲೇ ನನಗೆ ಅನುಮಾನ. ಇದ್ದ ನೀರಿನ ಮೇಲೆ ಸುಮ್ನೆ ತುಂಬಿಸುತ್ತಿದ್ದೀರಾ? ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು, ಧೂಳು, ಲೋಳೆ ಎಲ್ಲ ಟ್ಯಾಂಕ್‌ನಲ್ಲೇ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತವೆ. ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತುಂಬಿ. ವಾರಕ್ಕೊಮ್ಮೆ ಪ್ಲಗ್ ಕಿತ್ತು ಟ್ಯಾಂಕ್ ತೊಳೆಯಿರಿ. ಕೆಳಗಿನ ಬಿರಡೆ ತೆಗೆದರೂ ತಳದಲ್ಲಿ ಸ್ವಲ್ಪ ನೀರು ನಿಲ್ಲುತ್ತದೆ. ಬೆರಳಾಡಿಸಿ ನೋಡಿ, ಜಾರುವ ಲೋಳೆ ಸಿಗುವುದು ಅಲ್ಲೇ. ಬಟ್ಟೆಯಿಂದ ಅದನ್ನು ಹೀರಿ ತೆಗೆದು, ಸೋಪು ನೀರಲ್ಲಿ ಗೋಡೆಗಳನ್ನು ಗಟ್ಟಿಯಾಗಿ ಉಜ್ಜಿ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನ ಅಂಚನ್ನು ಬಿಡಲೇಬೇಡಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಅಂಟಿಸುವುದು ಆ ಜಾಗದಲ್ಲಿ. ನೀರು ಚೆಲ್ಲಿದರೂ ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ಬಂದಾಗ ಒಡೆಯುತ್ತದೆ. ಬಿಳಿ ಉಪ್ಪಿನ ಪದರ ಕಟ್ಟಿದ್ದರೆ ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿ. ವಿನೆಗರ್ ಹಾಕಿದ ಕಡೆ ಬ್ಲೀಚ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಪಂಪ್‌ನ ಬಾಯಿಗಿರುವ ಜಾಲರಿಯನ್ನೂ ಬಿಚ್ಚಿ ಜಾಲಿಸಿ.

ಇಲ್ಲೂ ಅದೇ ಉಪಾಯ: ಮಲಗುವ ಮುಂಚೆ, ಅಥವಾ ಕೂಲರ್ ಆರಿಸುವ ಮುಂಚೆ, ಪಂಪ್ ಮಾತ್ರ ನಿಲ್ಲಿಸಿ ಫ್ಯಾನ್ ಅರ್ಧ ಗಂಟೆ ಓಡಲಿ, ಪ್ಯಾಡ್‌ಗಳು ಒಣಗುತ್ತವೆ. ಜೇನುಗೂಡಿನಂಥ ಪ್ಯಾಡ್ ಆದರೆ ಮೆಲ್ಲಗೆ ನೀರು ಬಿಟ್ಟು ತೊಳೆಯಬಹುದು. ಮರದ ಎಳೆಯ ಪ್ಯಾಡ್ ಕಪ್ಪಾಗಿ, ಹಿಂಡಿದರೆ ಪುಡಿಯಾಗುವ ಹಂತಕ್ಕೆ ಬಂದಿದ್ದರೆ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ಅದನ್ನು ತೆಗೆದುಹಾಕಿ ಹೊಸದು ಹಾಕಿಸಿ.